ಮಹಡಿ ಮನೆಗೆ ಬಂದ ಮೇಲೆ ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿದೆ, ಹೊಟ್ಟೆ ಕೂದಲು ನೆಕ್ಕಿ ಬೋಳು ಮಾಡಿಕೊಂಡಿದೆ. ಬೇಜಾರಿಗಾ, ಕಾಯಿಲೆಗಾ?

ಬೆಣ್ಣೆಯ ಅಮ್ಮ, ದಾವಣಗೆರೆ · ಸೋಮವಾರ ಸಂಜೆ

ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಬೆಕ್ಕಿನ ಹೆಸರು ಬೆಣ್ಣೆ. ಗಂಡು, ಎರಡೂವರೆ ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಹುಟ್ಟಿ ಬೆಳೆದಿದ್ದು ಹರಿಹರದ ಹತ್ತಿರ ನಮ್ಮ ಅತ್ತೆಯವರ ಹಳ್ಳಿ ಮನೆಯಲ್ಲಿ. ಅಲ್ಲಿ ಹಿತ್ತಿಲಿತ್ತು, ಮೇವಿನ ಬಣವೆ ಇತ್ತು. ಓತಿಕ್ಯಾತದ ಹಿಂದೆ ಬಿದ್ದರೆ ಅವನಿಗೆ ಅರ್ಧ ದಿನ ಕಳೆಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅತ್ತೆ ನಮ್ಮ ಜೊತೆ ಇರಲು ಬಂದರು, ಅವನೂ ಬಂದ. ನಮ್ಮದು ವಿದ್ಯಾನಗರದಲ್ಲಿ ಎರಡನೇ ಮಹಡಿ. ರಸ್ತೆಯಲ್ಲಿ ಗಾಡಿ ಜಾಸ್ತಿ, ಅದಕ್ಕೆ ಹೊರಗೆ ಬಿಡುತ್ತಿಲ್ಲ.

ಮೊದಲ ಎರಡು ತಿಂಗಳು ತುಂಬ ಒಳ್ಳೆಯವನಾಗಿದ್ದ. ಬೀರು ಕೆಳಗೆ ಮಲಗೋದು, ತಿನ್ನೋದು, ಮತ್ತೆ ಬೀರು ಕೆಳಗೆ. ಈಗ ಬೆಳಗಿನ ಜಾವ ನಾಲ್ಕಕ್ಕೆ ಬಂದು ಕಾಲ್ಬೆರಳು ಕಚ್ಚುತ್ತಾನೆ. ಕೆಳಹೊಟ್ಟೆ ನೆಕ್ಕಿ ನೆಕ್ಕಿ ಅಂಗೈ ಅಗಲ ಕೂದಲಿಲ್ಲ. ಸಾಲದ್ದಕ್ಕೆ ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಾನೆ. ದಿನಾ ಅಲ್ಲ, ವಾರಕ್ಕೊಂದು ಸಲ ಅಂತಿಟ್ಕೊಳ್ಳಿ. ಬಚ್ಚಲಲ್ಲಿ ಮರಳಿನ ಟ್ರೇ ಇದೆ, ಉಳಿದ ದಿನ ಸರಿಯಾಗಿ ಅಲ್ಲೇ ಹೋಗುತ್ತಾನೆ.

ಅತ್ತೆ "ಸೊಕ್ಕು, ಎರಡು ಬಿಟ್ಟರೆ ಸರಿಹೋಗುತ್ತೆ" ಅನ್ನುತ್ತಾರೆ. ನಮ್ಮ ಮನೆಯವರು "ಹಳ್ಳಿ ಬಿಡಿಸಿದ್ದಕ್ಕೆ ಸೇಡು" ಅನ್ನುತ್ತಾರೆ. ನಾನು ಮೂರು ಸಲ ಹಾಸಿಗೆ ಒಣಗಿಸಿದ್ದೇನೆ. ಏನು ಮಾಡಲಿ?

ಮಂಡಿಪೇಟೆ ಮಂಜ · ಸೋಮವಾರ ರಾತ್ರಿ

ಅಕ್ಕಾ, ನಮ್ಮ ಗೋಡೌನಲ್ಲಿ ಐದು ಬೆಕ್ಕು ಇದಾವೆ. ಮೆಕ್ಕೆಜೋಳದ ಚೀಲದ ಮೇಲೆ ಮಲಗ್ತವೆ, ಇಲಿ ಹಿಡೀತವೆ. ಇವತ್ತಿನವರೆಗೂ ಒಂದಕ್ಕೂ ಬೇಜಾರಾಗಿದ್ದು ನಾ ಕಾಣೆ. ಹಾಲು ಕಮ್ಮಿ ಮಾಡಿ, ಇಲಿ ಹಿಡಿಯೋದು ಕಲಿಸಿ.

ಬೆಣ್ಣೆಯ ಅಮ್ಮ · ಸೋಮವಾರ ರಾತ್ರಿ

ಅಣ್ಣಾ, ಎರಡನೇ ಮಹಡಿಗೆ ಇಲಿ ಎಲ್ಲಿಂದ ತರಲಿ!

ನಿಟುವಳ್ಳಿ ಹುಡುಗ · ಸೋಮವಾರ ರಾತ್ರಿ

ಮೇಡಂ, ನಮ್ಮ ಬೆಕ್ಕಿಗೂ ಹೋದ ವರ್ಷ ಇದೇ ಆಗಿತ್ತು. ಉಚ್ಚೆಯಲ್ಲಿ ಇನ್‌ಫೆಕ್ಷನ್. ಐದು ದಿನ ಆಂಟಿಬಯೋಟಿಕ್ ಕೊಡಿಸಿದೆ, ನಿಂತಿತು. ಎರಡು ತಿಂಗಳಾದ ಮೇಲೆ ಮತ್ತೆ ಬಂತು, ಮತ್ತೆ ಐದು ದಿನ ಕೊಟ್ಟೆ, ಮತ್ತೆ ನಿಂತಿತು. ಇನ್ನೊಂದು ವಿಷಯ, ನಿಮ್ಮದು ಒಂಟಿ ಬೆಕ್ಕು. ಜೊತೆಗೊಂದು ಮರಿ ತನ್ನಿ. ಕಚ್ಚೋದು, ನೆಕ್ಕೋದು ಎಲ್ಲ ತಾನೇ ಬಿಡುತ್ತೆ.

ದುರ್ಗದ ವೈದ್ಯೆ · ಸೋಮವಾರ ರಾತ್ರಿ

ಬೆಣ್ಣೆಯ ಅಮ್ಮ, ಬೇರೆ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ. ಟ್ರೇಯಲ್ಲಿ ಕೂತು ತಿಣುಕುತ್ತಾನಾ? ಪದೇ ಪದೇ ಹೋಗಿ ಒಂದೆರಡು ಹನಿ ಮಾತ್ರ ಬರುತ್ತಾ? ಅಥವಾ ಏನೂ ಬರದೆ ಕೂಗುತ್ತಾನಾ?

ಗಂಡು ಬೆಕ್ಕಿಗೆ ಮೂತ್ರದ ದಾರಿ ತೀರಾ ಸಣ್ಣ. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಕಾಯುತ್ತಾ ಕೂತವರನ್ನು ನಾನು ನೋಡಿದ್ದೇನೆ. ಹಾಗೇನಾದರೂ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಬೆಣ್ಣೆಯ ಅಮ್ಮ · ಸೋಮವಾರ ರಾತ್ರಿ

ಇಲ್ಲ ಡಾಕ್ಟ್ರೇ, ಈಗ ಚೆನ್ನಾಗಿ ಹೊಯ್ಯುತ್ತಿದ್ದಾನೆ. ಆದರೆ ಹಾಸಿಗೆ ಒದ್ದೆಯಾದ ದಿನ ಮಾತ್ರ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹೊಯ್ದಿದ್ದ. ಒಂದು ಸಲ ಬೆಡ್‌ಶೀಟಲ್ಲಿ ತಿಳಿ ಗುಲಾಬಿ ಬಣ್ಣ ಕಂಡಿತ್ತು. ಕುಂಕುಮ ಇರಬೇಕು ಅಂದುಕೊಂಡೆ.

ದುರ್ಗದ ವೈದ್ಯೆ · ಸೋಮವಾರ ರಾತ್ರಿ

ಕುಂಕುಮ ಅಲ್ಲ ಅನ್ನಿಸುತ್ತೆ. ನಾಳೆಯೇ ತೋರಿಸಿ. ಮೂತ್ರ ಪರೀಕ್ಷೆ ಮಾಡಿಸಿ, ಆಗುವುದಾದರೆ ಹೊಟ್ಟೆ ಸ್ಕ್ಯಾನಿಂಗ್ ಕೂಡ. ಮನೆಯಲ್ಲಿ ಹಿಡಿದ ಮೂತ್ರದಲ್ಲಿ ಮರಳು, ಕೂದಲು ಎಲ್ಲ ಸೇರಿರುತ್ತೆ. ಡಾಕ್ಟರೇ ಸೂಜಿಯಲ್ಲಿ ತೆಗೆದರೆ ಒಳ್ಳೆಯದು, ಕೇಳಿ ನೋಡಿ.

ಅಲ್ಲಿಯವರೆಗೆ ಇನ್ನೊಂದು ಕೆಲಸ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಲದ ಬುಡದ ಹತ್ತಿರ ಬಾಚಿ. ಕಪ್ಪು ಪುಡಿ ಬಂದರೆ ಒದ್ದೆ ಮಾಡಿದ ಬಿಳಿ ಪೇಪರ್ ಮೇಲೆ ಉದುರಿಸಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಕೂದಲು ನೆಕ್ಕಿ ಬೋಳಾಯಿತು ಅಂದ ತಕ್ಷಣ ಎಲ್ಲರೂ ಬೇಜಾರಿಗೆ ಅಂತ ಮುದ್ರೆ ಒತ್ತಿಬಿಡುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಗೆ ಮುದ್ರೆ ಬಿದ್ದಿದ್ದ 21 ಬೆಕ್ಕುಗಳನ್ನು ಪೂರ್ತಿ ಪರೀಕ್ಷೆ ಮಾಡಿದರು. ಬರೀ ಮನಸ್ಸಿನ ಕಾರಣ ಅಂತ ಉಳಿದಿದ್ದು 2 ಮಾತ್ರ. ಉಳಿದವಕ್ಕೆ ತುರಿಕೆಯೋ, ಅಲರ್ಜಿಯೋ, ಇನ್ನೊಂದೋ ಏನಾದರೂ ಇತ್ತು.

ಹೊಳಲ್ಕೆರೆ ಸೀನಣ್ಣ · ಮಂಗಳವಾರ

ತಂಗೀ, ಬೆಕ್ಕಿಗೆ ಹಸಿರು ಬೇಕು. ಕುಂಡದಲ್ಲಿ ಒಂದು ಹಿಡಿ ಜೋಳ ಚೆಲ್ಲು. ವಾರದಲ್ಲಿ ಪೈರು ಬರುತ್ತೆ, ಕಡಿದುಕೊಂಡು ಸುಖವಾಗಿರುತ್ತೆ. ನಮ್ಮ ಹೊಲದ ಬದುವಿನಲ್ಲಿ ಕುಪ್ಪಿಗಿಡ ಕಿತ್ತರೆ ಸಾಕು, ಬೇರಿನ ವಾಸನೆಗೆ ಬೆಕ್ಕು ಬಂದು ಹೊರಳಾಡ್ತವೆ. ಅದನ್ನೂ ಒಂದು ತಂದು ಹಾಕು.

ಮಂಡಿಪೇಟೆ ಮಂಜ · ಮಂಗಳವಾರ

ಸೀನಣ್ಣಾ, ಎಳೆ ಜೋಳದ ಪೈರು ತಿಂದು ದನ ಸಾಯೋದು ನಿಮ್ಮ ಕಡೆ ಇಲ್ವಾ?

ದುರ್ಗದ ವೈದ್ಯೆ · ಮಂಗಳವಾರ

ಮಂಜಣ್ಣ ಹೇಳಿದ್ದು ಸರಿ. ಎಳೆ ಜೋಳದಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತೆ. ಬೆಕ್ಕು ಕಡಿಯುವುದು ಎರಡು ಎಳೆ, ಆದರೂ ಗೋಧಿ ಇರುವಾಗ ಜೋಳ ಯಾಕೆ? ಗೋಧಿಯನ್ನು ಒಂದು ರಾತ್ರಿ ನೆನೆಸಿ ಮಣ್ಣಲ್ಲಿ ಹಾಕಿ. ಬೆರಳುದ್ದ ಬಂದಾಗ ಕೊಡಿ. ಔಷಧ ಹಚ್ಚಿದ ಬಿತ್ತನೆ ಬೀಜ ಬೇಡ, ಅಂಗಡಿಯ ಊಟದ ಗೋಧಿ ಸಾಕು. ಕುಪ್ಪಿಗಿಡದ ಬೇರಿಗೆ ಬೆಕ್ಕು ಮರುಳಾಗುವುದು ನಿಜ. ಬೇರನ್ನು ಬಟ್ಟೆಯಲ್ಲಿ ಕಟ್ಟಿ ಹತ್ತು ನಿಮಿಷ ಮೂಸಲು ಕೊಟ್ಟು ತೆಗೆದಿಡಿ. ತಿನ್ನಲು ಬಿಡುವುದನ್ನು ನಾನು ಒಪ್ಪುವುದಿಲ್ಲ.

ಬೆಣ್ಣೆಯ ಅಮ್ಮ · ಬುಧವಾರ

ತೋರಿಸಿಕೊಂಡು ಬಂದೆ. ಮೂತ್ರದಲ್ಲಿ ರಕ್ತ ಇದೆಯಂತೆ. ಬ್ಯಾಕ್ಟೀರಿಯಾ ಇಲ್ಲ, ಹರಳಿಲ್ಲ, ಸ್ಕ್ಯಾನಿಂಗಲ್ಲಿ ಕಲ್ಲೂ ಇಲ್ಲ. ಮೂತ್ರಚೀಲದ ಗೋಡೆ ಸ್ವಲ್ಪ ದಪ್ಪ ಆಗಿದೆಯಂತೆ. ನೋವಿಗೆ ಮೂರು ದಿನ ಔಷಧ ಕೊಟ್ಟು, "ಒತ್ತಡದಿಂದ ಆಗಿರಬಹುದು" ಅಂದರು. ಬಾಚಿ ನೋಡಿದೆ, ಕಪ್ಪು ಪುಡಿ ಬರಲಿಲ್ಲ.

ಮೂರು ಹೊತ್ತು ಕೂತಲ್ಲಿಗೆ ಊಟ ಬರುತ್ತೆ. ಇವನಿಗೆ ಎಂಥ ಒತ್ತಡ ಡಾಕ್ಟ್ರೇ?

ದುರ್ಗದ ವೈದ್ಯೆ · ಬುಧವಾರ ರಾತ್ರಿ

ಈ ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದು ಮೂತ್ರಚೀಲದ ಉರಿಯೂತ. ಸೋಂಕಿನಿಂದ ಬಂದಿದ್ದಲ್ಲ. ಚಿಕ್ಕ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಮೂತ್ರದ ತೊಂದರೆಗೆ ಸೋಂಕು ಕಾರಣವಾಗುವುದು ಕಡಿಮೆ. ಈ ಉರಿ ಬಂದರೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಇಳಿಯುತ್ತೆ, ಮತ್ತೆ ಬರುತ್ತೆ. ನಿಟುವಳ್ಳಿಯವರೇ, ಬೇಜಾರು ಮಾಡ್ಕೋಬೇಡಿ. ಐದು ದಿನದ ಮಾತ್ರೆ ಕೊಟ್ಟಾಗ ನಿಂತಿದ್ದು, ಕೊಡದಿದ್ದರೂ ನಿಲ್ಲುತ್ತಿತ್ತೋ ಏನೋ. ಎರಡು ತಿಂಗಳಿಗೆ ಮತ್ತೆ ಬಂತು ಅಂದಿರಲ್ಲ, ಅದಕ್ಕೇ ಹೀಗೆ ಹೇಳಿದೆ.

ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಟೋನಿ ಬಫಿಂಗ್ಟನ್ ಅನ್ನುವ ಪಶುವೈದ್ಯರು ಈ ಕಾಯಿಲೆಯನ್ನೇ ವರ್ಷಗಟ್ಟಲೆ ನೋಡಿದವರು. 2011ರಲ್ಲಿ ಅವರ ತಂಡದ ಒಂದು ಲೇಖನ ಬಂತು. ಈ ಕಾಯಿಲೆ ಇದ್ದ 20 ಬೆಕ್ಕು, ಚೆನ್ನಾಗಿದ್ದ 12 ಬೆಕ್ಕು, ಎಲ್ಲವನ್ನೂ 77 ವಾರ ನೋಡಿದರು. ಊಟ ಹಾಕುವ ಹೊತ್ತು ತಪ್ಪಿದಾಗ, ದಿನಾ ನೋಡಿಕೊಳ್ಳುವವರು ಬದಲಾದಾಗ, ಚೆನ್ನಾಗಿದ್ದ ಬೆಕ್ಕುಗಳೂ ವಾಂತಿ ಮಾಡಿದವು, ಊಟ ಬಿಟ್ಟವು, ಟ್ರೇ ಬಿಟ್ಟು ಹೊರಗೆ ಹೋದವು. ಬೆಕ್ಕಿಗೆ ಒತ್ತಡ ಅಂದರೆ ಹೊಡೆತ, ಹಸಿವು ಅಂತಲೇ ಇರಬೇಕಾಗಿಲ್ಲ. ನಿನ್ನೆ ಇದ್ದದ್ದು ಇವತ್ತು ಇಲ್ಲ ಅನ್ನುವುದೇ ಸಾಕು. ಆಗ ಹೊರಗೆ ಓಡಿಹೋಗುವುದಕ್ಕೂ ದಾರಿ ಇಲ್ಲದಿದ್ದರೆ ಇನ್ನೂ ಕಷ್ಟ.

ನೀವು ಬರೆದದ್ದರಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಹಾಸಿಗೆ ಅಲ್ಲ. "ಮೊದಲ ಎರಡು ತಿಂಗಳು ತುಂಬ ಒಳ್ಳೆಯವನಾಗಿದ್ದ" ಅಂದಿರಿ. ಬೀರು ಕೆಳಗೆ ಮಲಗಿದ್ದಾಗ ಹೇಗೆ ಮಲಗಿದ್ದ? ಪಕ್ಕಕ್ಕೆ ಕಾಲು ಚಾಚಿ, ಹೊಟ್ಟೆ ತೋರಿಸಿ ಮಲಗಿದ್ದರೆ ನಿದ್ದೆ. ನಾಲ್ಕು ಕಾಲೂ ಅಡಿಗೆ ಮಡಚಿ, ಕಣ್ಣು ಮುಚ್ಚಿ, ಕಿವಿ ಮಾತ್ರ ಪ್ರತಿ ಸದ್ದಿಗೂ ತಿರುಗುತ್ತಿದ್ದರೆ ಅದು ನಿದ್ದೆ ಅಲ್ಲ. ಬೆಕ್ಕು ಹೆದರಿದಾಗ ಗಲಾಟೆ ಮಾಡುವುದಕ್ಕಿಂತ ಸುಮ್ಮನಾಗುವುದೇ ಜಾಸ್ತಿ.

ಕೆಳಹೊಟ್ಟೆ ನೆಕ್ಕುವುದು ಚೀಲದ ನೋವಿಗೂ ಇರಬಹುದು. ನೋವಿರುವ ಜಾಗದ ಮೇಲೆಯೇ ನೆಕ್ಕುತ್ತವೆ. ಚಿಗಟದ ಗುರುತು ಸಿಗದಿದ್ದರೂ ಚಿಗಟ ಇಲ್ಲ ಅಂತ ಖಚಿತವಾಗಿ ಹೇಳಲಾಗದು, ನೆಕ್ಕಿ ನುಂಗಿರಬಹುದು. ಕಾದು ನೋಡೋಣ.

ಈಗ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಹೊತ್ತಿಗೆ ಹಾಸಿಗೆ ಒದ್ದೆ, ಅದಕ್ಕೆ ಮುಂಚೆ ಆರೇಳು ಗಂಟೆಯಲ್ಲಿ ಮನೆಯಲ್ಲಿ ಏನು ನಡೆಯಿತು, ಇಷ್ಟೇ. ನೆಂಟರು ಬಂದರಾ, ಮಿಕ್ಸಿ ಕೆಟ್ಟು ರಿಪೇರಿಯವರು ಬಂದರಾ, ಎಲ್ಲ ಬರೆಯಿರಿ.

ಬೆಣ್ಣೆಯ ಅಮ್ಮ · ಹತ್ತು ದಿನದ ನಂತರ

ನೋಟ್‌ಬುಕ್ ಇಟ್ಟೆ. ಇಟ್ಟ ಮೇಲೆ ನಮಗೇ ನಗು ಬಂತು, ಆಮೇಲೆ ಅಯ್ಯೋ ಅನ್ನಿಸಿತು.

ಶುಕ್ರವಾರ ಸಂಜೆ ಏಳಕ್ಕೆ ನಲ್ಲಿ ನೀರು ಬಂತು. ರಾತ್ರಿ ಹತ್ತಕ್ಕೆ ಹಾಸಿಗೆ ಒದ್ದೆ. ಮುಂದಿನ ಗುರುವಾರ ಬೆಳಿಗ್ಗೆ ಆರಕ್ಕೆ ನೀರು ಬಂತು. ಒಂಬತ್ತಕ್ಕೆ ಹಾಸಿಗೆ ಒದ್ದೆ.

ನಮ್ಮ ಕಡೆ ಐದಾರು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬಂದಾಗ ನಾವು ಯುದ್ಧಕ್ಕೆ ಹೊರಟವರ ಹಾಗೆ. ಬಚ್ಚಲಲ್ಲಿ ಎರಡು ಡ್ರಮ್, ಆರು ಕೊಡ, ಬಕೆಟ್. ಮೋಟರ್ ಕಿರುಚುತ್ತೆ, ಪೈಪ್ ಎಳೆದಾಡುತ್ತೇವೆ. ಬೆಣ್ಣೆಯ ಟ್ರೇ ಒದ್ದೆಯಾಗಬಾರದು ಅಂತ ಎತ್ತಿ ಬಾಗಿಲ ಹಿಂದೆ ಇಡುತ್ತೇವೆ. ನೀರು ಸಿಕ್ಕಿದ ಖುಷಿಗೆ ಅತ್ತೆ ಅವತ್ತೇ ಬಚ್ಚಲಿಗೆ ಫಿನಾಯಿಲ್ ಹಾಕಿ ಉಜ್ಜುತ್ತಾರೆ. ಒಟ್ಟು ಎರಡು ಮೂರು ಗಂಟೆ ಅವನಿಗೆ ಟ್ರೇ ಸಿಗುವುದೇ ಇಲ್ಲ!

ಅತ್ತೆ ನೀರು ಬಂದ ದಿನವನ್ನು ಕ್ಯಾಲೆಂಡರಲ್ಲಿ ಪೆನ್ಸಿಲಿಂದ ಗೀಟು ಹಾಕಿ ಇಡುತ್ತಾರೆ. ನಾನು ಹಾಸಿಗೆ ಒದ್ದೆಯಾದಾಗೆಲ್ಲ ನಮ್ಮ ಮನೆಯವರಿಗೆ ಫೋಟೋ ಕಳಿಸಿ ಬೈದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯ ಐದು ಫೋಟೋದಲ್ಲಿ ನಾಲ್ಕು ನೀರಿನ ದಿನದವು. ಐದನೆಯದು ಯಾಕೆ ಅಂತ ಗೊತ್ತಾಗಲಿಲ್ಲ.

ಮಂಡಿಪೇಟೆ ಮಂಜ · ಅದೇ ದಿನ

ಅಕ್ಕಾ, ಬೆಕ್ಕಲ್ಲ ತಪ್ಪು, ನಲ್ಲಿದು.

ದುರ್ಗದ ವೈದ್ಯೆ · ಅದೇ ದಿನ

ಅತ್ತೆಯವರ ಪೆನ್ಸಿಲ್ ಗೀಟು ನನ್ನ ಎಷ್ಟೋ ಪರೀಕ್ಷೆಗಿಂತ ಜಾಸ್ತಿ ಹೇಳಿತು.

ಟ್ರೇಯನ್ನು ಬಚ್ಚಲಿಂದ ಹೊರಗೆ ತನ್ನಿ. ಪಡಸಾಲೆಯ ಮೂಲೆಯೋ, ಅತ್ತೆಯವರ ಕೋಣೆಯೋ, ಕೊಡ ಹಿಡಿದು ಯಾರೂ ಓಡಾಡದ ಜಾಗ. ಇನ್ನೊಂದು ಟ್ರೇ ಬೇರೆ ಕಡೆ ಇಡಿ. ಒಂದೇ ಬೆಕ್ಕಿದ್ದರೂ ಎರಡು ಇರಲಿ, ಆದರೆ ಪಕ್ಕಪಕ್ಕ ಬೇಡ. ಪಕ್ಕಪಕ್ಕ ಇಟ್ಟರೆ ಅವನ ಲೆಕ್ಕದಲ್ಲಿ ಅದು ಒಂದೇ ಜಾಗ. ಅಳತೆ, ಮೂಗಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆ ಪಟ್ಟು ಉದ್ದ. ಅಂಗಡಿಯಲ್ಲಿ ಬೆಕ್ಕಿನ ಟ್ರೇ ಅಂತ ಮಾರುವುದು ಎಷ್ಟೋ ಸಲ ಚಿಕ್ಕದು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿಯನ್ನು ಗೇಣಿಗಿಂತ ಕಮ್ಮಿ ಎತ್ತರಕ್ಕೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ. ವಾಸನೆ ಇಲ್ಲದ ಸಣ್ಣ ಮರಳು ಎರಡು ಬೆರಳು ದಪ್ಪ ಇರಲಿ. ದಿನಕ್ಕೆ ಎರಡು ಸಲ ಎತ್ತಿ ಹಾಕಿ.

ಫಿನಾಯಿಲ್ ವಿಷಯ ಅತ್ತೆಯವರಿಗೆ ನೀವೇ ನಿಧಾನಕ್ಕೆ ಹೇಳಿ. ಬೆಕ್ಕಿನ ಲಿವರಿಗೆ ಫೀನಾಲ್ ಜಾತಿಯ ರಾಸಾಯನಿಕ ಕರಗಿಸುವ ಶಕ್ತಿ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಒಳಗೆ ಹೋಗುತ್ತೆ. ಅವನು ಓಡಾಡುವ ನೆಲಕ್ಕೆ ಸೋಪಿನ ನೀರು ಸಾಕು.

ಹಾಸಿಗೆಗೆ ಎನ್‌ಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚನೆ ನೀರಲ್ಲಿ ಕದಡಿ ನೆನೆಸಿ, ಒರೆಸಿ, ಬಿಸಿಲಿಗೆ ಹಾಕಿ. ನಮ್ಮ ಮೂಗಿಗೆ ವಾಸನೆ ಹೋದರೂ ಅವನ ಮೂಗಿಗೆ ಉಳಿದಿರುತ್ತೆ. ಹಾಸಿಗೆಯನ್ನೇ ಯಾಕೆ ಆರಿಸಿಕೊಂಡ ಅಂದರೆ, ಅದು ಮೆತ್ತಗಿದೆ, ಎತ್ತರದಲ್ಲಿದೆ, ನಿಮ್ಮ ವಾಸನೆ ಇದೆ. ಉರಿಯುತ್ತಿರುವಾಗ ಮನೆಯಲ್ಲಿ ಅವನಿಗೆ ಧೈರ್ಯ ಅನ್ನಿಸುವ ಜಾಗ ಅದೊಂದೇ ಇತ್ತೋ ಏನೋ. ಸೇಡಂತೂ ಅಲ್ಲ.

ಒಣ ಕಾಳಿನ ಊಟಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ ಕೊಟ್ಟು ನೋಡಿ. ಮೂತ್ರ ತೆಳುವಾದಷ್ಟೂ ಒಳ್ಳೆಯದು. ನೀರಿನ ಬಟ್ಟಲು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಇರಲಿ.

ಮೂರು ಬೆಕ್ಕಿನ ಮನೆ · ಮಾರನೇ ದಿನ

ಡಾಕ್ಟ್ರು ಟ್ರೇ ವಿಷಯ ಹೇಳಿದರು. ನಾಲ್ಕು ಗಂಟೆಗೆ ಕಚ್ಚುವ ವಿಷಯ ನನಗೆ ಬಿಡಿ, ಅದರಲ್ಲಿ ನಾನು ಪಳಗಿದ್ದೇನೆ.

ಮೊದಲು ನಿಜ ಹೇಳಿ. ಕಚ್ಚಿದಾಗ ಎದ್ದು ಊಟ ಹಾಕುತ್ತೀರಾ?

ಬೆಣ್ಣೆಯ ಅಮ್ಮ · ಮಾರನೇ ದಿನ

ಹಾಕ್ತೀನಿ. ಇಲ್ಲದಿದ್ದರೆ ಬಿಡಲ್ಲ.

ಮೂರು ಬೆಕ್ಕಿನ ಮನೆ · ಮಾರನೇ ದಿನ

ಹಾಗಾದರೆ ಅವನು ನಿಮ್ಮನ್ನು ಚೆನ್ನಾಗಿ ಪಳಗಿಸಿದ್ದಾನೆ. ಬೆರಳು ಕಚ್ಚಿದರೆ ಅಮ್ಮ ಎದ್ದು ಡಬ್ಬ ತೆಗೆಯುತ್ತಾಳೆ.

ಬೆಕ್ಕಿಗೆ ನಸುಕು ಮತ್ತು ಮುಸ್ಸಂಜೆ ಬೇಟೆಯ ಹೊತ್ತು. ಹಳ್ಳಿಯಲ್ಲಿ ಆ ಹೊತ್ತಿಗೆ ಬಣವೆ ಸುತ್ತುತ್ತಿದ್ದ. ಈಗ ಮನೆಯಲ್ಲಿ ಅಲ್ಲಾಡುವುದು ನಿಮ್ಮ ಕಾಲ್ಬೆರಳು ಮಾತ್ರ. ಅದಕ್ಕೆ ರಾತ್ರಿ ಮಲಗುವ ಮುಂಚೆ ಬೇಟೆ ಮಾಡಿಸಿ. ನಾನು ಮಾಡುವುದು ಹೀಗೆ. ಉದ್ದನೆಯ ಕೋಲು, ತುದಿಗೆ ದಾರ, ದಾರಕ್ಕೆ ಕೋಳಿ ಪುಕ್ಕ ಅಥವಾ ಬಟ್ಟೆ ಚೂರು. ಅದನ್ನು ಮುಖದ ಮುಂದೆ ಆಡಿಸಬೇಡಿ. ಯಾವ ಇಲಿಯೂ ಬೆಕ್ಕಿನ ಮೂತಿಗೆ ಬಂದು ಕುಣಿಯುವುದಿಲ್ಲ. ಅವನಿಂದ ದೂರಕ್ಕೆ ಎಳೆಯಿರಿ, ಸೋಫಾ ಹಿಂದೆ ಅರ್ಧ ಮರೆಯಾಗಲಿ, ನಿಲ್ಲಲಿ, ಸ್ವಲ್ಪ ನಡುಗಲಿ. ಅವನು ತಲೆ ತಗ್ಗಿಸಿ ಹಿಂಭಾಗ ಅಲ್ಲಾಡಿಸುತ್ತಾನಲ್ಲ, ಆಗ ಅವಸರ ಮಾಡಬೇಡಿ. ಹಾರಿ ಹಿಡಿದರೆ ಹಿಡಿಯಲು ಬಿಡಿ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಕೊನೆಗೆ ಆಟ ನಿಧಾನ ಮಾಡಿ, ಸತ್ತ ಇಲಿಯ ಹಾಗೆ ಕೈಗೆ ಕೊಡಿ, ತಕ್ಷಣ ರಾತ್ರಿ ಊಟ ಹಾಕಿ. ತಿಂದು, ಮುಖ ತೊಳೆದು, ಮಲಗುತ್ತಾನೆ. ಆಟ ಮುಗಿದ ಮೇಲೆ ಕೋಲನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ. ದಾರ ನುಂಗಿದರೆ ಕರುಳು ಸುರುಟಿಕೊಳ್ಳುತ್ತೆ, ಆಪರೇಷನ್ನೇ ಗತಿ. ಪೂಜೆ ಹೂವಿನ ಮಾಲೆಯ ದಾರಕ್ಕೂ ಇದೇ ಮಾತು.

ಲೇಸರ್ ಲೈಟ್ ನನಗೆ ಇಷ್ಟ ಇಲ್ಲ. ಎಷ್ಟು ಓಡಿದರೂ ಕೈಗೆ ಏನೂ ಸಿಗಲ್ಲ. ಕೆಲವು ಬೆಕ್ಕು ಆಮೇಲೂ ಗೋಡೆ ನೋಡುತ್ತಾ ಕೂರುತ್ತವೆ.

ಇನ್ನು ನಾಲ್ಕು ಗಂಟೆಗೆ ಏಳಬೇಡಿ. ಮೊದಲ ನಾಲ್ಕೈದು ದಿನ ಇನ್ನೂ ಜೋರಾಗಿ ಕಚ್ಚುತ್ತಾನೆ, ಕೂಗುತ್ತಾನೆ. ಆಗ ಸೋತು ಎದ್ದು ಊಟ ಹಾಕಿದಿರೋ, ಜೋರು ಮಾಡಿದರೆ ಸಿಗುತ್ತೆ ಅಂತ ಕಲಿಯುತ್ತಾನೆ. ದಪ್ಪ ಸಾಕ್ಸ್ ಹಾಕಿಕೊಂಡು ಮಲಗಿ.

ನಿಟುವಳ್ಳಿ ಹುಡುಗ · ಮಾರನೇ ದಿನ

ಇಷ್ಟೆಲ್ಲ ಕಷ್ಟ ಯಾಕೆ ಮೇಡಂ, ಇನ್ನೊಂದು ಬೆಕ್ಕು ತಂದರೆ ಅವೇ ಆಡಿಕೊಳ್ಳುತ್ತವೆ ಅಲ್ವಾ?

ಮೂರು ಬೆಕ್ಕಿನ ಮನೆ · ಮಾರನೇ ದಿನ

ನಾನೂ ಹಾಗೇ ಅಂದುಕೊಂಡು ಎರಡನೆಯದನ್ನು ತಂದೆ ತಮ್ಮಾ. ಮೊದಲನೆಯದು ಒಂದು ತಿಂಗಳು ಅಡುಗೆಮನೆ ಸಜ್ಜದಿಂದ ಇಳಿಯಲಿಲ್ಲ. ಹೊಡೆದಾಟ ಏನೂ ಇರಲಿಲ್ಲ. ಹೊಸದು ಪಡಸಾಲೆ ಬಾಗಿಲಲ್ಲಿ ಸುಮ್ನೆ ಕೂತು ದಿಟ್ಟಿಸುತ್ತಿತ್ತು, ಅಷ್ಟೇ. ಹಳೆಯದು ಟ್ರೇಗೆ ಹೋಗುವ ದಾರಿ ಅದೇ. ನನಗೆ ಅರ್ಥವಾಗಲು ಎಷ್ಟೋ ದಿನ ಹಿಡಿಯಿತು. ಮೂರನೆಯದು ಬಂದಾಗ ಮಾತ್ರ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು.

ದುರ್ಗದ ವೈದ್ಯೆ · ಮಾರನೇ ದಿನ

ಮೂತ್ರಚೀಲ ಉರಿಯುತ್ತಿರುವ ಬೆಕ್ಕಿಗೆ ಈಗ ಹೊಸ ಬೆಕ್ಕು ಬೇಡ. ಮುಂದೆ ಬೇಕಾ ಅಂದರೆ, ಅದು ಬೆಣ್ಣೆಯ ಸ್ವಭಾವದ ಮೇಲೆ. ಹಳ್ಳಿಯಲ್ಲಿ ಬೇರೆ ಬೆಕ್ಕಿನ ಜೊತೆ ಮಲಗುತ್ತಿದ್ದನಾ?

ನಿಟುವಳ್ಳಿ ಹುಡುಗ · ಮಾರನೇ ದಿನ

ಸರಿ ಡಾಕ್ಟ್ರೇ. ಆದರೂ ನಮ್ಮ ಮನೆಯಲ್ಲಿ ಎರಡು ತಂದ ಮೇಲೇ ಸರಿಹೋಗಿದ್ದು. ನಾನು ಕಣ್ಣಾರೆ ಕಂಡಿದ್ದು.

ಬೆಣ್ಣೆಯ ಅಮ್ಮ · ಮೂರು ವಾರದ ನಂತರ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ದೊಡ್ಡ ಡಬ್ಬಿ ತಂದು ನಮ್ಮ ಮನೆಯವರು ಬ್ಲೇಡಲ್ಲಿ ಕತ್ತರಿಸಿದರು. ಒಂದು ಪಡಸಾಲೆಯ ಮೂಲೆಯಲ್ಲಿ, ಇನ್ನೊಂದು ಅತ್ತೆಯವರ ಕೋಣೆಯಲ್ಲಿ. ಅತ್ತೆ ಮೊದಲು ಒಪ್ಪಲಿಲ್ಲ. ಆಮೇಲೆ ಕ್ಯಾಲೆಂಡರಿನ ಗೀಟು ತೋರಿಸಿದೆ. "ನನ್ನ ಲೆಕ್ಕದಿಂದ ಕಂಡುಹಿಡಿದಿದ್ದು" ಅಂತ ಈಗ ಪಕ್ಕದ ಮನೆಯವರಿಗೆಲ್ಲ ಹೇಳುತ್ತಿದ್ದಾರೆ. ಫಿನಾಯಿಲ್ ಮಾತ್ರ ಅವರ ಟಾಯ್ಲೆಟಿಗೆ ಬಿಟ್ಟು ಬೇರೆಲ್ಲೂ ಇಲ್ಲ, ಅದರ ಬಾಗಿಲು ಹಾಕಿರುತ್ತೆ.

ಬೀರುವಿನ ಮೇಲಿದ್ದ ಸೂಟ್‌ಕೇಸ್ ತೆಗೆದು ಗೋಣಿಚೀಲ ಹಾಸಿದೆವು. ಹತ್ತಲು ಪಕ್ಕದಲ್ಲಿ ಸ್ಟೂಲ್, ಅದರ ಪಕ್ಕ ಹೊಲಿಗೆ ಮೆಷಿನ್. ಮೊದಲ ದಿನ ತಿರುಗಿಯೂ ನೋಡಲಿಲ್ಲ. ನಾನು ಎತ್ತಿ ಕೂರಿಸಿದೆ, ಹಾರಿ ಓಡಿಹೋದ. ಆಮೇಲೆ ಸುಮ್ನೆ ಬಿಟ್ಟೆ. ನಾಲ್ಕನೇ ದಿನ ತಾನೇ ಹತ್ತಿದ. ಈಗ ನೀರು ಬಂದ ಗಲಾಟೆಯಲ್ಲಿ ಬೀರು ಕೆಳಗೆ ಹೋಗುವುದಿಲ್ಲ, ಮೇಲೆ ಹೋಗಿ ಕೂತು ನಮ್ಮನ್ನು ನೋಡುತ್ತಾನೆ. ಸಾಹೇಬರು ಕೆಲಸ ಮಾಡಿಸುವ ಹಾಗೆ. ಒಂದು ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕೊರೆದು ಕಿಟಕಿ ಕೆಳಗೂ ಇಟ್ಟಿದ್ದೇನೆ.

ಊಟ ಈಗ ಎರಡು ತಟ್ಟೆ ಅಲ್ಲ. ದಿನದ ಕಾಳನ್ನು ಬೆಳಿಗ್ಗೆಯೇ ಅಳೆದು ಒಂದು ಲೋಟದಲ್ಲಿ ಇಡುತ್ತೇನೆ. ಅರ್ಧವನ್ನು ನೀರು ಬೆರೆಸಿ ಎರಡು ಹೊತ್ತು ಕೊಡುತ್ತೇನೆ. ಉಳಿದರ್ಧ ಮೊಟ್ಟೆ ಟ್ರೇಯ ಗುಳಿಗಳಲ್ಲಿ, ಮೇಲೆ ಪೇಪರ್ ಉಂಡೆ. ಮೊದಲ ದಿನ ಉಂಡೆ ಇಲ್ಲದೆ ಇಟ್ಟೆ, ಕಲಿತ ಮೇಲೆ ಒಂದೊಂದೇ ಉಂಡೆ ಸೇರಿಸಿದೆ. ಒಂದೇ ಸಲ ಎಲ್ಲ ಮುಚ್ಚಿದ ದಿನ ಮೂಸಿ, ಬೇಸತ್ತು ಹೋಗಿ ಮಲಗಿಬಿಟ್ಟಿದ್ದ. ಮಂಡಕ್ಕಿ ಕಟ್ಟಿಕೊಟ್ಟ ಪೇಪರ್ ಉಂಡೆಯೇ ಅವನಿಗೆ ಜಾಸ್ತಿ ಇಷ್ಟ. ಎತ್ತಿಕೊಂಡು ಓಡುತ್ತಾನೆ.

ನಾಲ್ಕು ಗಂಟೆ ಕಚ್ಚುವುದು ಆರು ದಿನ ನರಕ. ಮೂರನೇ ರಾತ್ರಿ ನಮ್ಮ ಮನೆಯವರು ಸೋತು ಎದ್ದು ಊಟ ಹಾಕಿಬಿಟ್ಟರು, ಮತ್ತೆ ಒಂದರಿಂದ ಲೆಕ್ಕ ಶುರು. ಈಗ ಐದೂವರೆವರೆಗೆ ಮಲಗಲು ಬಿಡುತ್ತಾನೆ. ಕಚ್ಚುವುದಿಲ್ಲ, ಎದೆ ಮೇಲೆ ಬಂದು ಕೂರುತ್ತಾನೆ. ಅದಕ್ಕೇನು ಮಾಡಬೇಕೋ ಗೊತ್ತಿಲ್ಲ, ಮಾಡುವ ಮನಸ್ಸೂ ಇಲ್ಲ.

ಕೆಳಹೊಟ್ಟೆಯಲ್ಲಿ ಸಣ್ಣ ಕೂದಲು ಬರುತ್ತಿದೆ. ಇನ್ನೂ ನೆಕ್ಕುತ್ತಾನೆ, ಮೊದಲಿನಷ್ಟಿಲ್ಲ.

ಮೂರು ವಾರದಲ್ಲಿ ನಾಲ್ಕು ಸಲ ನೀರು ಬಂತು. ಹಾಸಿಗೆ ಒಣಗಿದೆ. ಆದರೆ ಮೊನ್ನೆ ಮುಂಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡ್ ಒದ್ದೆ. ಅವತ್ತು ನೀರು ಬಂದಿರಲಿಲ್ಲ.

ಮೂರು ಬೆಕ್ಕಿನ ಮನೆ · ಅದೇ ದಿನ

ಉಗುರು ಕೆರೆಯಲು ಏನಿಟ್ಟಿದ್ದೀರಿ?

ಬೆಣ್ಣೆಯ ಅಮ್ಮ · ಅದೇ ದಿನ

ಅಂಗಡಿಯಿಂದ ಒಂದು ಪುಟ್ಟ ಕಂಬ ತಂದೆ, ಮುಟ್ಟಲೇ ಇಲ್ಲ. ಸೋಫಾ ಕೈ ಕೆರೆಯುತ್ತಾನೆ.

ಮೂರು ಬೆಕ್ಕಿನ ಮನೆ · ಅದೇ ದಿನ

ಪುಟ್ಟದಾಗಿದ್ದಕ್ಕೇ ಮುಟ್ಟಲಿಲ್ಲ. ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರ ಬೇಕು, ಹತ್ತಿರ ಹತ್ತಿರ ಮೂರಡಿ. ಅಲ್ಲಾಡಬಾರದು, ಒಂದು ಸಲ ಅಲ್ಲಾಡಿದರೆ ಮತ್ತೆ ಹತ್ತಿರ ಬರಲ್ಲ. ಹಳೆ ಹಲಗೆಗೆ ಗೋಣಿಚೀಲ ಬಿಗಿಯಾಗಿ ಸುತ್ತಿ, ಹಿಂದೆ ಮೊಳೆ ಹೊಡೆದು, ಸೋಫಾ ಕೈಯ ಪಕ್ಕದಲ್ಲೇ ಗೋಡೆಗೆ ಬಿಗಿಯಿರಿ. ಮೂಲೆಯಲ್ಲಿ ಬಚ್ಚಿಟ್ಟರೆ ಕೆಲಸ ಮಾಡಲ್ಲ.

ಮಂಡಿಪೇಟೆ ಮಂಜ · ಅದೇ ದಿನ

ಗೋಣಿಚೀಲ ಎಷ್ಟು ಬೇಕು ಹೇಳಿ ಅಕ್ಕಾ. ಔಷಧ ಹೊಡೆಯದ ಚೀಲ ಬೇರೆ ಇಟ್ಟಿರ್ತೀನಿ.

ದುರ್ಗದ ವೈದ್ಯೆ · ಅದೇ ದಿನ ರಾತ್ರಿ

ಚಪ್ಪಲಿ ಸ್ಟ್ಯಾಂಡ್ ಬೇರೆ ಕಥೆ ಇರಬಹುದು. ಒದ್ದೆಯಾಗಿದ್ದು ನೆಲದ ಮೇಲೆ ದೊಡ್ಡ ಮಡುವಾಗಿಯಾ, ಅಥವಾ ಸ್ಟ್ಯಾಂಡಿನ ಬದಿಯಲ್ಲಿ ಮೇಲಿಂದ ಇಳಿದ ಗೆರೆಯಾಗಿಯಾ? ಕೂತು ಹೊಯ್ದರೆ ಮಡು. ನಿಂತು, ಬಾಲ ಎತ್ತಿ, ಹಿಂದಕ್ಕೆ ಸಿಂಪಡಿಸಿದರೆ ಗೆರೆ. ಆಪರೇಷನ್ ಆದ ಗಂಡೂ ಒಮ್ಮೊಮ್ಮೆ ಸಿಂಪಡಿಸುತ್ತವೆ, ಬೇರೆ ಬೆಕ್ಕು ಹತ್ತಿರ ಬಂದರೆ.

ಮೆಟ್ಟಿಲ ಮೇಲೆ ಬೀದಿ ಬೆಕ್ಕು ಬರುತ್ತಾ ನೋಡಿ. ಅಂದ ಹಾಗೆ, ಆ ಐದನೇ ಫೋಟೋದ ದಿನ ಏನಾಗಿತ್ತು, ಇನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಬೆಣ್ಣೆಯ ಅಮ್ಮ · ಮಾರನೇ ದಿನ

ಗೆರೆ ಡಾಕ್ಟ್ರೇ. ಸ್ಟ್ಯಾಂಡಿನ ಬದಿಯಲ್ಲಿ, ನನ್ನ ಮೊಳಕಾಲಿಗಿಂತ ಕೆಳಗೆ.

ಕೆಳಗಿನ ಮನೆಯವರನ್ನು ಕೇಳಿದೆ. ಒಂದು ಕರಿ ಬೆಕ್ಕು ಟೆರೇಸಿಗೆ ಹೋಗುವಾಗ ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಂತೆ. ಅತ್ತೆ ಅಡುಗೆಮನೆಯಿಂದ, "ಅದಕ್ಕೆ ನಾನೇ ದಿನಾ ಹಾಲನ್ನ ಇಡ್ತೀನಿ, ಪಾಪ" ಅಂದರು.

ನೋಟ್‌ಬುಕ್ ಮತ್ತೆ ತೆಗೆದಿದ್ದೇನೆ.